ಜೋಸಾ ಕೌನ್ಸೆಲಿಂಗ್: ಚಾಯ್ಸ್ ಫಿಲ್ಲಿಂಗ್, ಫ್ರೀಜ್, ಫ್ಲೋಟ್, ಸ್ಲೈಡ್, ವಿತ್‌ಡ್ರಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೆಇಇ ರ‍್ಯಾಂಕ್ ಬಂದ ಮೇಲೆ ಐಐಟಿ, ಎನ್ಐಟಿ, ಐಐಐಟಿ ಸೀಟು ಹಂಚುವ ಕೌನ್ಸೆಲಿಂಗ್ ಬಗ್ಗೆ ಮಕ್ಕಳು, ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳಿವು. ಸಿಇಟಿ ಕೌನ್ಸೆಲಿಂಗ್ ನೋಡಿ ಗೊತ್ತಿರುವವರಿಗೆ ಇಲ್ಲಿ ಒಂದೆರಡು ಕಡೆ ಎಡವಟ್ಟಾಗುತ್ತದೆ. ಅದನ್ನೂ ಸೇರಿಸಿದ್ದೇನೆ.

ಜೋಸಾ ಅಂದರೆ ಏನು? ಯಾವ ಕಾಲೇಜುಗಳು ಇದರಲ್ಲಿ ಬರುತ್ತವೆ?

ಜೋಸಾ 2015ರಲ್ಲಿ ಶುರುವಾದ ಜಂಟಿ ಸೀಟು ಹಂಚಿಕೆ ವ್ಯವಸ್ಥೆ. 23 ಐಐಟಿ, 31 ಎನ್ಐಟಿ, ಐಐಐಟಿಗಳು ಮತ್ತು ಕೇಂದ್ರದ ಹಣದಲ್ಲಿ ನಡೆಯುವ ಇನ್ನೊಂದಷ್ಟು ಸಂಸ್ಥೆಗಳ ಸೀಟು ಒಂದೇ ಕಡೆ ಹಂಚಿಕೆಯಾಗುತ್ತದೆ. ನಮ್ಮ ರಾಜ್ಯದಲ್ಲಿ ಧಾರವಾಡದ ಐಐಟಿ, ಸುರತ್ಕಲ್‌ನ ಎನ್ಐಟಿಕೆ, ಧಾರವಾಡ ಮತ್ತು ರಾಯಚೂರಿನ ಐಐಐಟಿಗಳು ಇದರಲ್ಲಿವೆ. ಎಲ್ಲ ಕೆಲಸವೂ josaa.nic.in ನಲ್ಲೇ.

ಐಐಟಿ ಸೀಟಿಗೆ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಬೇಕು, ಉಳಿದವಕ್ಕೆ ಜೆಇಇ ಮೇನ್ ರ‍್ಯಾಂಕ್. ಎರಡೂ ಇದ್ದವರು ಎರಡು ಪಟ್ಟಿ ಮಾಡಬೇಕಿಲ್ಲ. ಒಂದೇ ಪಟ್ಟಿಯಲ್ಲಿ ಐಐಟಿ, ಎನ್ಐಟಿಗಳನ್ನು ನಿಮಗೆ ಬೇಕಾದ ಹಾಗೆ ಬೆರೆಸಿ ಬರೆಯಬಹುದು. ಮೊದಲು ಐಐಟಿಗಳೆಲ್ಲ ಬಂದು ಆಮೇಲೆ ಎನ್ಐಟಿ ಬರಬೇಕು ಎಂದೇನೂ ಇಲ್ಲ.

ಪಟ್ಟಿಯನ್ನು ಪ್ರತಿ ಸುತ್ತಿಗೂ ಹೊಸದಾಗಿ ತುಂಬಬೇಕಾ?

ಇಲ್ಲ. ಒಂದೇ ಸಲ. ಕೊನೆಯ ದಿನಾಂಕಕ್ಕೆ ಲಾಕ್ ಆದ ಪಟ್ಟಿಯೇ ಎಲ್ಲ ಸುತ್ತುಗಳಿಗೂ ನಡೆಯುತ್ತದೆ. 2024ರಲ್ಲಿ 5 ಸುತ್ತು, 2025ರಲ್ಲಿ 6 ಸುತ್ತು ನಡೆದವು. ಎರಡೂ ವರ್ಷ ಮೊದಲ ಸುತ್ತಿನ ಪಟ್ಟಿಯೇ ಕೊನೆಯ ಸುತ್ತಿನವರೆಗೂ ಇತ್ತು. ನೀವು ಲಾಕ್ ಮಾಡಲು ಮರೆತರೆ ಕೊನೆಗೆ ಸೇವ್ ಮಾಡಿದ್ದು ತಾನಾಗಿಯೇ ಲಾಕ್ ಆಗುತ್ತದೆ. ಆದ್ದರಿಂದ ಅರ್ಧ ಮಾಡಿದ ಪಟ್ಟಿಯನ್ನು ಸೇವ್ ಮಾಡಿ, ಆಮೇಲೆ ನೋಡೋಣ ಎಂದು ಎದ್ದು ಹೋಗಬೇಡಿ.

ಮುಂದೆ ಬರುವ ಫ್ರೀಜ್, ಫ್ಲೋಟ್, ಸ್ಲೈಡ್ ಎಲ್ಲವೂ ಈ ಪಟ್ಟಿಯ ಕ್ರಮವನ್ನು ಹಿಡಿದೇ ಕೆಲಸ ಮಾಡುತ್ತವೆ. ಜನ ತಲೆ ಕೆಡಿಸಿಕೊಳ್ಳುವುದು ಆ ಬಟನ್‌ಗಳ ಬಗ್ಗೆ. ನನ್ನ ಪ್ರಕಾರ ತಲೆ ಕೆಡಿಸಿಕೊಳ್ಳಬೇಕಾದದ್ದು ಪಟ್ಟಿಯ ಬಗ್ಗೆ.

ಸಿಗದೇ ಇರುವ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದೂ ಕೈ ತಪ್ಪುತ್ತಾ?

ತಪ್ಪುವುದಿಲ್ಲ. ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೋಸಾ ಸೀಟು ಹಂಚುವ ಲೆಕ್ಕದ ಬೇರು ಗೇಲ್ ಮತ್ತು ಶೇಪ್ಲಿ ಎಂಬ ಇಬ್ಬರು 1962ರಲ್ಲಿ ಬರೆದ ವಿಧಾನದಲ್ಲಿದೆ. ಕಂಪ್ಯೂಟರ್ ಮೊದಲು ಎಲ್ಲರನ್ನೂ ಅವರವರ ಒಂದನೇ ಚಾಯ್ಸ್‌ಗೆ ಕಳಿಸುತ್ತದೆ. ಅಲ್ಲಿ ಸೀಟಿಗಿಂತ ಜನ ಜಾಸ್ತಿ ಇದ್ದರೆ ಒಳ್ಳೆಯ ರ‍್ಯಾಂಕ್ ಇರುವವರನ್ನು ಸದ್ಯಕ್ಕೆ ಇಟ್ಟುಕೊಂಡು ಉಳಿದವರನ್ನು ಹೊರಗೆ ಬಿಡುತ್ತದೆ. ಹೊರಗೆ ಬಿದ್ದವರು ತಮ್ಮ ಎರಡನೇ ಚಾಯ್ಸ್‌ಗೆ ಹೋಗುತ್ತಾರೆ. ಅಲ್ಲಿ ಈಗಾಗಲೇ ಕುಳಿತವರಿಗಿಂತ ಇವರ ರ‍್ಯಾಂಕ್ ಚೆನ್ನಾಗಿದ್ದರೆ ಇವರು ಒಳಗೆ, ಕುಳಿತಿದ್ದವರಲ್ಲಿ ಕೊನೆಯವರು ಹೊರಗೆ. ಯಾರೂ ಅಲುಗಾಡದ ಸ್ಥಿತಿ ಬರುವವರೆಗೆ ಇದು ನಡೆಯುತ್ತದೆ. ಅಲ್ಲಿಯವರೆಗೆ ಯಾವ ಸೀಟೂ ಯಾರಿಗೂ ಖಾಯಂ ಅಲ್ಲ.

ಇದರಿಂದ ಏನಾಗುತ್ತದೆ ನೋಡಿ. ನೀವು ಒಂದು ಬ್ರಾಂಚನ್ನು 40ನೇ ಚಾಯ್ಸ್ ಆಗಿ ಬರೆದಿದ್ದೀರಿ. ನಿಮಗಿಂತ ಹಿಂದಿನ ರ‍್ಯಾಂಕ್‌ನವನೊಬ್ಬ ಅದನ್ನೇ ಒಂದನೇ ಚಾಯ್ಸ್ ಆಗಿ ಬರೆದಿದ್ದಾನೆ. ಇಬ್ಬರೂ ಒಂದೇ ಪ್ರವರ್ಗ, ಒಂದೇ ಕೋಟಾ ಅಂದುಕೊಳ್ಳೋಣ. ನೀವು 39 ಕಡೆ ತಿರುಗಿ ಅಲ್ಲಿಗೆ ಬಂದರೂ ಸೀಟು ನಿಮಗೇ. ಅಲ್ಲಿ ನೋಡುವುದು ರ‍್ಯಾಂಕ್ ಮಾತ್ರ. ನೀವು ಅದನ್ನು ಎಷ್ಟನೇ ನಂಬರಿಗೆ ಬರೆದಿರಿ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ "ನನ್ನ ರ‍್ಯಾಂಕಿಗೆ ಇದು ಬರಲ್ಲ, ಬಿಡಿ" ಎಂದು ಆಸೆಯ ಕಾಲೇಜನ್ನು ಕೆಳಗೆ ತಳ್ಳಬೇಡಿ. ಚಾಯ್ಸ್‌ಗಳ ಸಂಖ್ಯೆಗೂ ಮಿತಿ ಇಲ್ಲ. ತಪ್ಪಾಗುವುದು ಪಟ್ಟಿ ಚಿಕ್ಕದಾದಾಗ. ಹತ್ತು ಚಾಯ್ಸ್ ಬರೆದು ಹತ್ತೂ ಸಿಗದಿದ್ದರೆ ಆ ಸುತ್ತಿನಲ್ಲಿ ಕೈ ಖಾಲಿ.

ಹೋದ ವರ್ಷದ ಕಟಾಫ್ ನೋಡಿ ಪಟ್ಟಿ ಮಾಡಬಹುದಾ?

ನೋಡಿ, ಆದರೆ ಪಟ್ಟಿ ಎಲ್ಲಿಯವರೆಗೆ ಇಳಿಯಬೇಕು ಎಂದು ತಿಳಿಯಲು ಮಾತ್ರ ನೋಡಿ. ಕ್ರಮ ನಿಮ್ಮ ಇಷ್ಟದ್ದು. ಜೋಸಾ ತಾಣದಲ್ಲೇ ಹಿಂದಿನ ವರ್ಷಗಳ ಓಪನಿಂಗ್ ಮತ್ತು ಕ್ಲೋಸಿಂಗ್ ರ‍್ಯಾಂಕ್ ಸುತ್ತುವಾರು ಸಿಗುತ್ತದೆ. ಬೇರೆ ಎಲ್ಲಿಂದಲೋ ಬಂದ ಪಿಡಿಎಫ್ ಬೇಡ.

ಓದುವಾಗ ಮೂರು ವಿಷಯ ಗಮನಿಸಿ. ಐಐಟಿ ಸಾಲಿನಲ್ಲಿರುವುದು ಅಡ್ವಾನ್ಸ್ಡ್ ರ‍್ಯಾಂಕ್, ಎನ್ಐಟಿ ಸಾಲಿನಲ್ಲಿರುವುದು ಮೇನ್ ರ‍್ಯಾಂಕ್. ಒಬಿಸಿ, ಎಸ್‌ಸಿ, ಎಸ್‌ಟಿ, ಇಡಬ್ಲ್ಯೂಎಸ್ ಸಾಲುಗಳಲ್ಲಿರುವುದು ಆಯಾ ಪ್ರವರ್ಗದ ರ‍್ಯಾಂಕ್. ಅದನ್ನು ನಿಮ್ಮ ಸಾಮಾನ್ಯ ರ‍್ಯಾಂಕಿನ ಜೊತೆ ಹೋಲಿಸಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ಇನ್ನು ಎನ್ಐಟಿಯಲ್ಲಿ ಸ್ವಂತ ರಾಜ್ಯ ಮತ್ತು ಹೊರ ರಾಜ್ಯ ಎಂದು ಎರಡು ಸಾಲು ಇರುತ್ತವೆ. ಹೆಣ್ಣುಮಕ್ಕಳಿಗೆ 2018ರಿಂದ ಬೇರೆ ಸಾಲೂ ಇದೆ.

ಈ ಸಾಲುಗಳಿಗೆಲ್ಲ ಬೇರೆ ಬೇರೆ ಚಾಯ್ಸ್ ಬರೆಯಬೇಕಿಲ್ಲ. ಸುರತ್ಕಲ್ ಸಿವಿಲ್ ಎಂದು ಒಂದು ಸಲ ಬರೆದರೆ ನೀವು ಅರ್ಹರಾಗಿರುವ ಎಲ್ಲ ಸಾಲುಗಳಲ್ಲೂ ಕಂಪ್ಯೂಟರ್ ನಿಮ್ಮನ್ನು ನೋಡುತ್ತದೆ.

ನಾವು ಕರ್ನಾಟಕದವರು. ಸುರತ್ಕಲ್‌ನಲ್ಲಿ ನಮಗೆ ಹೋಮ್ ಸ್ಟೇಟ್ ಕೋಟಾ ಇದೆ ಅಲ್ವಾ?

ಮಗು 12ನೇ ತರಗತಿ ಎಲ್ಲಿ ಪಾಸಾಯಿತು ಎಂಬುದರ ಮೇಲೆ ಅದು ನಿಂತಿದೆ. ಊರು ಯಾವುದು, ಆಧಾರ್ ಕಾರ್ಡ್‌ನಲ್ಲಿ ಯಾವ ವಿಳಾಸ ಇದೆ ಎಂದು ಯಾರೂ ಕೇಳುವುದಿಲ್ಲ. ಬೀದರ್, ರಾಯಚೂರು, ಬಳ್ಳಾರಿ ಕಡೆಯಿಂದ ಎಷ್ಟೋ ಮಕ್ಕಳು ಹೈದರಾಬಾದ್‌ಗೆ ಹೋಗಿ ಇಂಟರ್ ಮಾಡುತ್ತಾರೆ. ಅವರಿಗೆ ಹೋಮ್ ಸ್ಟೇಟ್ ತೆಲಂಗಾಣ, ಅಂದರೆ ವಾರಂಗಲ್ ಎನ್ಐಟಿ. ಕೋಟಾ ಊರಿಗೆ ಹೋಗಿ ಅಲ್ಲೇ 12ನೇ ತರಗತಿ ಪಾಸಾದವರಿಗೆ ರಾಜಸ್ಥಾನ, ಅಂದರೆ ಜೈಪುರ. ಸುರತ್ಕಲ್‌ನಲ್ಲಿ ಅವರು ಹೊರ ರಾಜ್ಯದವರು.

ಐಐಟಿಗಳಲ್ಲಿ ಮತ್ತು ಧಾರವಾಡ, ರಾಯಚೂರಿನಂಥ ಐಐಐಟಿಗಳಲ್ಲಿ ಈ ಲೆಕ್ಕ ಇಲ್ಲ. ಅಲ್ಲಿ ಇಡೀ ದೇಶಕ್ಕೆ ಒಂದೇ ಪಟ್ಟಿ.

ಮಾಕ್ ಅಲಾಟ್‌ಮೆಂಟ್ ನಂಬಬಹುದಾ?

ಪಟ್ಟಿ ಲಾಕ್ ಆಗುವ ಮೊದಲು ಎರಡು ಸಲ ಮಾಕ್ ಬರುತ್ತದೆ. ಆ ಹೊತ್ತಿಗೆ ಎಷ್ಟು ಜನ ಏನು ತುಂಬಿದ್ದಾರೋ ಅಷ್ಟರ ಮೇಲೆ ಲೆಕ್ಕ. ಅರ್ಧ ಜನ ಇನ್ನೂ ತುಂಬಿಯೇ ಇರುವುದಿಲ್ಲ. ನಿಮಗೆ ಸಿಕ್ಕಿದ ಸೀಟು ನಿಮಗೇ ಖುಷಿ ಕೊಡದಿದ್ದರೆ ಕ್ರಮ ತಪ್ಪಿದೆ ಎಂದರ್ಥ. ಮಾಕ್‌ನಿಂದ ತಿಳಿಯಬೇಕಾದದ್ದು ಇಷ್ಟೇ.

ಫ್ರೀಜ್, ಫ್ಲೋಟ್, ಸ್ಲೈಡ್: ಮೂರರ ವ್ಯತ್ಯಾಸ ಏನು?

ಸೀಟು ಸಿಕ್ಕ ಮೇಲೆ ನಿಗದಿತ ದಿನದೊಳಗೆ ಸೀಟು ಒಪ್ಪಿಗೆ ಶುಲ್ಕ ಕಟ್ಟಿ, ದಾಖಲೆ ಅಪ್‌ಲೋಡ್ ಮಾಡಿ, ಈ ಮೂರರಲ್ಲಿ ಒಂದನ್ನು ಆರಿಸಬೇಕು. ಮೂರರಲ್ಲೂ ಸೀಟನ್ನು ಒಪ್ಪಿಕೊಂಡ ಹಾಗೆಯೇ. ಮುಂದೆ ಏನು ಬೇಕು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಫ್ರೀಜ್ ಎಂದರೆ ಇದೇ ಸಾಕು, ಮುಂದಿನ ಸುತ್ತುಗಳು ಬೇಡ. ಫ್ಲೋಟ್ ಎಂದರೆ ಇದು ನನ್ನ ಕೈಯಲ್ಲಿರಲಿ, ಆದರೆ ನನ್ನ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವ ಯಾವುದು ಸಿಕ್ಕರೂ ಕೊಡಿ, ಯಾವ ಕಾಲೇಜಾದರೂ ಸರಿ. ಸ್ಲೈಡ್ ಎಂದರೆ ಕಾಲೇಜು ಇದೇ ಇರಲಿ, ಇದೇ ಕಾಲೇಜಿನಲ್ಲಿ ಮೇಲೆ ಬರೆದಿರುವ ಬ್ರಾಂಚ್ ಸಿಕ್ಕರೆ ಕೊಡಿ.

ಮೊದಲು ಫ್ಲೋಟ್ ಮಾಡಿ, ಆಮೇಲಿನ ಸುತ್ತಿನಲ್ಲಿ ಸ್ಲೈಡ್ ಅಥವಾ ಫ್ರೀಜ್‌ಗೆ ಬರಬಹುದು. ಫ್ರೀಜ್ ಮಾಡಿದವರನ್ನು ಮುಂದಿನ ಸುತ್ತುಗಳಲ್ಲಿ ಮೇಲಿನ ಚಾಯ್ಸ್‌ಗೆ ಪರಿಗಣಿಸುವುದಿಲ್ಲ.

ಫ್ಲೋಟ್ ಮಾಡಿದರೆ ಈಗಿರುವ ಸೀಟು ಹೋಗಿಬಿಡುತ್ತಾ?

ಮೇಲಿನದು ಸಿಗದಿದ್ದರೆ ಈಗಿನದು ನಿಮ್ಮದೇ. ಪಟ್ಟಿಯಲ್ಲಿ ಕೆಳಗಿರುವುದಕ್ಕೆ ನಿಮ್ಮನ್ನು ಯಾರೂ ತಳ್ಳುವುದಿಲ್ಲ.

ಆದರೆ ಮೇಲಿನದು ಸಿಕ್ಕ ಕ್ಷಣ ಹಳೆಯದು ಹೋಯಿತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಯಾರೂ ಕೇಳುವುದಿಲ್ಲ. ನೀವು ಪಟ್ಟಿಯಲ್ಲೇ ಹೇಳಿದ್ದೀರಲ್ಲ, ಅದು ಬೇಕು ಎಂದು. ಫ್ಲೋಟ್ ಮಾಡಿ ಅತ್ತವರ ಕಥೆ ಕೇಳಿದರೆ ಬಹಳ ಸಲ ಇದೇ ಇರುತ್ತದೆ: ಮೇಲಿನ ಚಾಯ್ಸ್ ಅವರಿಗೆ ನಿಜವಾಗಿ ಬೇಕೇ ಇರಲಿಲ್ಲ. ಯಾರೋ ಹೇಳಿದರು ಎಂದು ಹೆಸರಿನ ಕಾಲೇಜನ್ನು ಮೇಲೆ ಹಾಕಿರುತ್ತಾರೆ, ಬೇಡದ ಬ್ರಾಂಚ್ ಆದರೂ.

ಒಂದು ಉದಾಹರಣೆ ಕೊಟ್ಟು ಹೇಳಬಹುದಾ?

ಹಾಸನದಲ್ಲಿ ಪಿಯುಸಿ ಮುಗಿಸಿದ ಒಬ್ಬ ಹುಡುಗಿ ಇದ್ದಾಳೆ ಎಂದುಕೊಳ್ಳಿ. ಮೇನ್ ರ‍್ಯಾಂಕ್ ಮಾತ್ರ ಇದೆ. ಅವಳ ಪಟ್ಟಿಯ ಮೇಲಿನ ಆರು ಹೀಗಿವೆ:

1. ಸುರತ್ಕಲ್, ಕಂಪ್ಯೂಟರ್ ಸೈನ್ಸ್
2. ಸುರತ್ಕಲ್, ಇನ್ಫರ್ಮೇಷನ್ ಟೆಕ್ನಾಲಜಿ
3. ಸುರತ್ಕಲ್, ಎಲೆಕ್ಟ್ರಾನಿಕ್ಸ್
4. ತಿರುಚಿ ಎನ್ಐಟಿ, ಎಲೆಕ್ಟ್ರಿಕಲ್
5. ಸುರತ್ಕಲ್, ಎಲೆಕ್ಟ್ರಿಕಲ್
6. ಧಾರವಾಡ ಐಐಐಟಿ, ಕಂಪ್ಯೂಟರ್ ಸೈನ್ಸ್

ಮೊದಲ ಸುತ್ತಿನಲ್ಲಿ 6ನೆಯದು ಸಿಕ್ಕಿತು. ಧಾರವಾಡವೇ ಸಾಕು, ಕಾಲೇಜು ಬದಲಾಗುವುದು ಬೇಡ ಎಂದು ಸ್ಲೈಡ್ ಒತ್ತಿದರೆ? ಧಾರವಾಡ ಐಐಐಟಿಯ ಬೇರೆ ಯಾವ ಬ್ರಾಂಚೂ 6ಕ್ಕಿಂತ ಮೇಲಿಲ್ಲ. ಹಾಗಾಗಿ ಅಲ್ಲಿ ಸ್ಲೈಡ್ ಮಾಡುವುದೂ ಫ್ರೀಜ್ ಮಾಡುವುದೂ ಒಂದೇ. ಅವಳು ಫ್ಲೋಟ್ ಮಾಡಿ ಶುಲ್ಕ ಕಟ್ಟಿದಳು.

ಎರಡನೇ ಸುತ್ತಿನಲ್ಲಿ 5ನೆಯದಕ್ಕೆ ಏರಿದಳು. ಈಗ ನಿಜವಾದ ಆಯ್ಕೆ ಬಂತು. ಫ್ಲೋಟ್ ಮುಂದುವರಿಸಿದರೆ 1ರಿಂದ 4ರವರೆಗೆ ಯಾವುದಾದರೂ ಬರಬಹುದು, ತಿರುಚಿಯೂ ಸೇರಿ. ಸ್ಲೈಡ್ ಮಾಡಿದರೆ 1, 2, 3 ಮಾತ್ರ ಉಳಿಯುತ್ತವೆ. 4 ಬಿಟ್ಟುಹೋಗುತ್ತದೆ. ತಿರುಚಿ ಅಷ್ಟು ದೂರ ಬೇಡ ಎಂದು ಮನೆಯಲ್ಲಿ ಈಗ ಅನಿಸಿದ್ದರೆ ಸ್ಲೈಡ್ ಸರಿ. ಲಾಕ್ ಆದ ಪಟ್ಟಿಯನ್ನು ತಿದ್ದಲು ಆಗುವುದಿಲ್ಲ. ಒಂದು ಕಾಲೇಜಿನ ಮಟ್ಟಿಗೆ ಮನಸ್ಸು ಬದಲಾಗಿದ್ದರೆ ಸ್ಲೈಡ್ ಆ ತಿದ್ದುಪಡಿಯ ಕೆಲಸ ಮಾಡಿಕೊಡುತ್ತದೆ. ಅವಳು ಸ್ಲೈಡ್ ಮಾಡಿದಳು.

ಮೂರನೇ ಸುತ್ತಿನಲ್ಲಿ ಏನೂ ಬದಲಾಗಲಿಲ್ಲ. ಹೀಗಾದರೆ ಗಾಬರಿ ಬೇಡ, ಸೀಟು ಹಾಗೆಯೇ ಇರುತ್ತದೆ, ಮತ್ತೆ ಶುಲ್ಕವೂ ಇಲ್ಲ. ನಾಲ್ಕನೆಯದರಲ್ಲಿ 3ನೆಯ ಚಾಯ್ಸ್ ಸಿಕ್ಕಿತು. ಎಲೆಕ್ಟ್ರಾನಿಕ್ಸ್ ಅವಳಿಗೆ ಸಾಕಾಗಿದ್ದರೆ ಇಲ್ಲಿ ಫ್ರೀಜ್ ಮಾಡಬಹುದು. ಇನ್ನೂ ಕಂಪ್ಯೂಟರ್ ಸೈನ್ಸ್ ಆಸೆ ಇದ್ದರೆ ಸ್ಲೈಡ್‌ನಲ್ಲೇ ಇರಬಹುದು. ಕಳೆದುಕೊಳ್ಳುವುದು ಏನೂ ಇಲ್ಲ.

ಈಗ ಇನ್ನೊಂದು ಮಗ್ಗುಲು. ಧಾರವಾಡದ ಕಂಪ್ಯೂಟರ್ ಸೈನ್ಸ್ ಮನಸ್ಸಿನಲ್ಲಿ ಸುರತ್ಕಲ್ ಎಲೆಕ್ಟ್ರಿಕಲ್‌ಗಿಂತ ಮೇಲಿದ್ದರೆ, ಎರಡನೇ ಸುತ್ತಿನಲ್ಲಿ ಅವಳು ತನಗೆ ಬೇಕಾದದ್ದನ್ನು ತಾನೇ ಬಿಟ್ಟುಕೊಟ್ಟ ಹಾಗಾಯಿತು. ಧಾರವಾಡಕ್ಕೆ ವಾಪಸು ದಾರಿ ಇಲ್ಲ. ಅಕ್ಕಪಕ್ಕದ ಎರಡೆರಡು ಚಾಯ್ಸ್ ಹಿಡಿದು, "ಇವೆರಡೂ ಕೈಯಲ್ಲಿದ್ದರೆ ಯಾವುದಕ್ಕೆ ಸೇರುತ್ತೀಯ?" ಎಂದು ಮಗುವನ್ನೇ ಕೇಳಿ. ಲಾಕ್ ಮಾಡುವ ಹಿಂದಿನ ಸಂಜೆ ಇದಕ್ಕೊಂದು ಗಂಟೆ ಇಟ್ಟುಕೊಳ್ಳಿ.

ಸಿಕ್ಕ ಸೀಟು ಇಷ್ಟವಿಲ್ಲ. ಶುಲ್ಕ ಕಟ್ಟದೆ ಮುಂದಿನ ಸುತ್ತಿಗೆ ಕಾಯಬಹುದಾ?

ಆಗುವುದಿಲ್ಲ. ಸಿಇಟಿ ಗೊತ್ತಿರುವವರು ಎಡವುವುದು ಇಲ್ಲೇ. ಕೆಇಎ ಕೌನ್ಸೆಲಿಂಗ್‌ನಲ್ಲಿ ನಾಲ್ಕು ಚಾಯ್ಸ್ ಇವೆ. ಒಂದನೆಯದು ಫ್ರೀಜ್ ಇದ್ದ ಹಾಗೆ, ಎರಡನೆಯದು ಫ್ಲೋಟ್ ಇದ್ದ ಹಾಗೆ, ನಾಲ್ಕನೆಯದು ಹೊರಗೆ ಹೋಗುವುದು. ಮೂರನೆಯದರಲ್ಲಿ ಈ ಸೀಟು ಬೇಡ, ಮುಂದಿನ ಸುತ್ತಿಗೆ ಮಾತ್ರ ಬರುತ್ತೇನೆ ಎನ್ನಬಹುದು. ಜೋಸಾದಲ್ಲಿ ಆ ಮೂರನೆಯದು ಇಲ್ಲ.

ಜೋಸಾದಲ್ಲಿ ಸೀಟು ಸಿಕ್ಕಿ ನೀವು ಸುಮ್ನೆ ಇದ್ದರೆ ಆ ಸೀಟು ರದ್ದಾಗುತ್ತದೆ, ಮುಂದಿನ ಎಲ್ಲ ಸುತ್ತುಗಳಿಂದಲೂ ಹೊರಗೆ. ಕಾಯಬೇಕೆಂದರೆ ಶುಲ್ಕ ಕಟ್ಟಿ ಫ್ಲೋಟ್ ಮಾಡಲೇಬೇಕು. ಸಾಯಂಕಾಲ ಐದಕ್ಕೆ ಗಡುವು ಎಂದಿದ್ದರೆ ಐದಕ್ಕೇ. ಬ್ಯಾಂಕ್ ಸರ್ವರ್ ತೊಂದರೆ ಎಂದು ಯಾರೂ ಬಿಟ್ಟುಕೊಡುವುದಿಲ್ಲ, ಒಂದು ದಿನ ಮೊದಲೇ ಕಟ್ಟಿ. ಮೊದಲ ಸುತ್ತಿನಲ್ಲಿ ಏನೂ ಸಿಗದವರಿಗೆ ಈ ತೊಂದರೆ ಇಲ್ಲ, ಅವರು ತಾವಾಗಿಯೇ ಮುಂದಿನ ಸುತ್ತಿಗೆ ಹೋಗುತ್ತಾರೆ.

ಶುಲ್ಕ ಕಟ್ಟಿದ ಮೇಲೆ ಕೆಲಸ ಮುಗಿಯಿತಾ?

ಇಲ್ಲ. ಅಧಿಕಾರಿಗಳು ದಾಖಲೆ ನೋಡಿ, ಏನಾದರೂ ಸರಿಯಿಲ್ಲದಿದ್ದರೆ ಲಾಗಿನ್‌ನಲ್ಲಿ ಒಂದು ಪ್ರಶ್ನೆ ಹಾಕುತ್ತಾರೆ. ಅದಕ್ಕೆ ಗಡುವಿನೊಳಗೆ ಉತ್ತರ ಕೊಡದಿದ್ದರೆ ಸೀಟು ರದ್ದು. ಶುಲ್ಕ ಕಟ್ಟಿ ನಿಶ್ಚಿಂತೆಯಾಗಿ ಊರಿಗೆ ಹೋದವರಿಗೆ ಇದು ಕಾಣಿಸುವುದೇ ಇಲ್ಲ. ಸೀಟು ಖಚಿತವಾಯಿತು ಎಂದು ಲಾಗಿನ್‌ನಲ್ಲಿ ಬರುವವರೆಗೆ ದಿನಕ್ಕೆ ಎರಡು ಸಲ ತೆಗೆದು ನೋಡಿ.

ನಮ್ಮಲ್ಲಿ ಜಾಸ್ತಿ ಪ್ರಶ್ನೆ ಬರುವುದು ಜಾತಿ ಪ್ರಮಾಣಪತ್ರದ ಮೇಲೆ. ಸಿಇಟಿಗೆ ಕೊಟ್ಟ 2ಎ, 3ಬಿ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. ಒಬಿಸಿಗೆ ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲ ಎಂದು ಬರೆದಿರುವ, ಆ ವರ್ಷದ ಏಪ್ರಿಲ್ 1 ಅಥವಾ ಅದರ ನಂತರ ಕೊಟ್ಟ ಪ್ರಮಾಣಪತ್ರ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಇದನ್ನು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಬೇಕು. ಪ್ರಮಾಣಪತ್ರ ಒಪ್ಪದಿದ್ದರೆ ಪ್ರವರ್ಗದ ಸೀಟು ಹೋಗುತ್ತದೆ.

ತಹಶೀಲ್ದಾರ್ ಕಚೇರಿಗೆ ಜೂನ್‌ನಲ್ಲಿ ಓಡುವುದಕ್ಕಿಂತ ಏಪ್ರಿಲ್‌ನಲ್ಲೇ ಹೋಗಿ.

ವಿತ್‌ಡ್ರಾ ಯಾವಾಗ ಮಾಡಬಹುದು? ದುಡ್ಡು ವಾಪಸು ಬರುತ್ತಾ?

ಸಾಮಾನ್ಯವಾಗಿ ಎರಡನೇ ಸುತ್ತಿನಿಂದ ಶುರುವಾಗಿ, ಕೊನೆಯ ಸುತ್ತಿನ ಹಿಂದಿನ ಸುತ್ತಿನವರೆಗೆ ಅವಕಾಶ ಇರುತ್ತದೆ. ಆರು ಸುತ್ತಿದ್ದರೆ ಐದನೆಯದೇ ಕೊನೆಯ ಬಾಗಿಲು. ಫ್ರೀಜ್ ಮಾಡಿದವರೂ ವಿತ್‌ಡ್ರಾ ಮಾಡಬಹುದು. ಲಾಗಿನ್‌ನಲ್ಲಿ ಅರ್ಜಿ ಹಾಕಬೇಕು, ಅಲ್ಲಿಂದ ಒಪ್ಪಿಗೆ ಬರಬೇಕು. ಸಂಸ್ಕರಣಾ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತಾರೆ, ಆದರೆ ಕೂಡಲೇ ಅಲ್ಲ. ಎಷ್ಟು ಹಿಡಿಯುತ್ತಾರೆ ಎಂಬುದನ್ನು ಆಯಾ ವರ್ಷದ ನಿಯಮ ಪುಸ್ತಕದಲ್ಲಿ ನೋಡಿ. ಅದು ಬದಲಾಗುತ್ತಿರುತ್ತದೆ.

ಒಮ್ಮೆ ವಿತ್‌ಡ್ರಾ ಮಾಡಿದರೆ ಆ ವರ್ಷದ ಜೋಸಾ ಸುತ್ತುಗಳಿಗೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಇದರಿಂದಲೇ ಕೊನೆಯ ಸುತ್ತುಗಳಲ್ಲಿ ಕಟಾಫ್ ಸ್ವಲ್ಪ ಹಿಂದಕ್ಕೆ ಸರಿಯುವುದು. ಬಿಟ್ಟು ಹೋದವರ ಸೀಟು ಉಳಿದವರಿಗೆ ಬರುತ್ತದೆ.

ಐಐಟಿ ಸೀಟು ಸಿಕ್ಕಿದೆ, ಆದರೆ ಮುಂದಿನ ವರ್ಷ ಮತ್ತೆ ಅಡ್ವಾನ್ಸ್ಡ್ ಬರೆಯಬೇಕು. ಏನು ಮಾಡಲಿ?

ಇಲ್ಲಿ ಒಂದು ದಿನಾಂಕ ತಪ್ಪಿದರೆ ಒಂದು ವರ್ಷ ಹೋಗುತ್ತದೆ. ಐಐಟಿ ಸೀಟನ್ನು ಒಪ್ಪಿಕೊಂಡು ಹಾಗೇ ಇಟ್ಟುಕೊಂಡವರು ಮತ್ತೆ ಅಡ್ವಾನ್ಸ್ಡ್ ಬರೆಯುವಂತಿಲ್ಲ. ತರಗತಿಗೆ ಕಾಲಿಡದಿದ್ದರೂ ಅಷ್ಟೇ. ಸೀಟು ಸಿಕ್ಕರೂ ಒಪ್ಪಿಕೊಳ್ಳದೇ ಇದ್ದವರು, ಅಥವಾ ಐಐಟಿಗಳ ಕೊನೆಯ ಸುತ್ತಿನ ಮೊದಲೇ ವಿತ್‌ಡ್ರಾ ಮಾಡಿದವರು ಬರೆಯಬಹುದು. ಅಡ್ವಾನ್ಸ್ಡ್‌ಗೆ ಇರುವುದೇ ಸತತ ಎರಡು ವರ್ಷ, ಎರಡು ಅವಕಾಶ. ಮತ್ತೆ ಬರೆಯುವ ಆಲೋಚನೆ ಇದ್ದರೆ ವಿತ್‌ಡ್ರಾ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಸಿಇಟಿ ಸೀಟೂ ಜೋಸಾ ಸೀಟೂ ಒಟ್ಟಿಗೆ ಇಟ್ಟುಕೊಳ್ಳಬಹುದಾ?

ಕೌನ್ಸೆಲಿಂಗ್ ನಡೆಯುವಾಗ ಎರಡರಲ್ಲೂ ಭಾಗವಹಿಸಬಹುದು. ಒಂದರ ಹಂಚಿಕೆ ಇನ್ನೊಂದನ್ನು ರದ್ದು ಮಾಡುವುದಿಲ್ಲ, ಎರಡೂ ಬೇರೆ ಬೇರೆ ವ್ಯವಸ್ಥೆ. ತೊಂದರೆ ಇರುವುದು ದುಡ್ಡು ಮತ್ತು ದಿನಾಂಕದಲ್ಲಿ. ಎರಡೂ ಕಡೆ ಹಣ ಕಟ್ಟಿರುತ್ತೀರಿ, ಎರಡಕ್ಕೂ ರದ್ದು ಮಾಡುವ ಗಡುವು ಬೇರೆ. ಬೆಂಗಳೂರಿನ ಒಳ್ಳೆಯ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟು ಸಿಇಟಿಯಲ್ಲಿ ಬರಬಹುದು ಎಂದಿದ್ದರೆ, ಜೋಸಾದ ವಿತ್‌ಡ್ರಾ ಮುಗಿಯುವ ದಿನಕ್ಕೆ ಕೆಇಎ ಯಾವ ಸುತ್ತಿನಲ್ಲಿರುತ್ತದೆ ಎಂದು ಮೊದಲೇ ನೋಡಿ. ಎಷ್ಟೋ ಸಲ ಕೆಇಎ ಫಲಿತಾಂಶ ತಡವಾಗಿ ಬರುತ್ತದೆ. ಆಗ ಜೋಸಾ ದುಡ್ಡು ಹೋದರೂ ಪರವಾಗಿಲ್ಲ ಎಂದು ಸೀಟು ಇಟ್ಟುಕೊಳ್ಳುವುದಾ, ಬಿಟ್ಟು ಕೆಇಎ ನಂಬುವುದಾ ಎಂದು ಮನೆಯಲ್ಲಿ ಕೂತು ತೀರ್ಮಾನಿಸಬೇಕು. ಕೈಯಲ್ಲಿರುವ ಸೀಟನ್ನು ಕೆಇಎ ಮಾಕ್ ಫಲಿತಾಂಶ ನೋಡಿ ಬಿಡಬೇಡಿ ಎಂಬುದು ನನ್ನ ಸಲಹೆ.

ಕೊನೆಯ ಸುತ್ತಿನಲ್ಲೂ ಬೇಕಾದದ್ದು ಸಿಗಲಿಲ್ಲ. ಇನ್ನೇನಾದರೂ ಇದೆಯಾ?

ಎನ್ಐಟಿ, ಐಐಐಟಿ ಮತ್ತು ಅದೇ ಗುಂಪಿನ ಸಂಸ್ಥೆಗಳಲ್ಲಿ ಉಳಿದ ಸೀಟುಗಳಿಗೆ ಸಿಸ್ಯಾಬ್ ವಿಶೇಷ ಸುತ್ತುಗಳು ನಡೆಯುತ್ತವೆ. ಐಐಟಿ ಸೀಟು ಅದರಲ್ಲಿ ಇಲ್ಲ. ಅದಕ್ಕೆ ಬೇರೆ ನೋಂದಣಿ, ಬೇರೆ ಶುಲ್ಕ, ಹೊಸ ಚಾಯ್ಸ್ ಪಟ್ಟಿ. ಜೋಸಾದ ಹಳೆಯ ಪಟ್ಟಿಯನ್ನು ಅಲ್ಲಿ ಯಾರೂ ನೋಡುವುದಿಲ್ಲ. ಜೋಸಾದಲ್ಲಿ ಸಿಕ್ಕ ಎನ್ಐಟಿ ಸೀಟು ಇಟ್ಟುಕೊಂಡು ಅಲ್ಲಿಗೆ ಹೋಗುವವರು ಹೊಸ ಪಟ್ಟಿಯಲ್ಲಿ ಈಗಿರುವ ಸೀಟಿಗಿಂತ ನಿಜವಾಗಿ ಇಷ್ಟವಾದವನ್ನು ಮಾತ್ರ ಬರೆಯಬೇಕು. ಅಲ್ಲಿ ಹೊಸದು ಸಿಕ್ಕರೆ ಹಳೆಯದು ಹೋಗುತ್ತದೆ.